ಬೋರ್ಡ್ ಗೇಮ್ ನಡುವೆ ಆಟ ಕಟ್ಟಿ ನಿಂತರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಲಕ್ಷಣ

ನಾಲ್ಕು ಜನ ಮೇಜಿನ ಸುತ್ತ ಕೂತಿದ್ದೀರಿ. ಒಬ್ಬರು ಹಲಗೆ ನೋಡುತ್ತಾ ತಲೆಗೆ ಕೈ ಕೊಟ್ಟಿದ್ದಾರೆ. ಇನ್ನೊಬ್ಬರ ಕೈಗೆ ಫೋನು ಬಂದಿದೆ, ಮತ್ತೊಬ್ಬರು ಎದ್ದು ಅಡುಗೆಮನೆಗೆ ಹೋಗಿದ್ದಾರೆ. ಪಾಳಿ ಬಂದಾಗ ಅವರನ್ನು ಕೂಗಿ ಕರೆಯಬೇಕು. ಬಂದವರು ಹಲಗೆಯನ್ನು ಮೊದಲಿನಿಂದ ನೋಡಬೇಕು, ಹೀಗೆ ಅವರ ಪಾಳಿಯೂ ಉದ್ದವಾಗುತ್ತದೆ. ಎರಡು ಗಂಟೆಯ ಆಟ ಐದು ಗಂಟೆಗೆ ಹೋಗುವುದು ಹೀಗೆ.

ಆಟ ಬಲ್ಲವರು ಇದನ್ನು ಅನಾಲಿಸಿಸ್ ಪೆರಾಲಿಸಿಸ್, ಅಂದರೆ ಯೋಚನೆಯಲ್ಲೇ ಸಿಕ್ಕಿಕೊಂಡು ಕೈ ಓಡದಿರುವುದು, ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ‘ಗಂಟು ಬೀಳೂದು’ ಎಂದು ಹೆಸರು. ನನಗೆ ಈ ಹೆಸರೇ ಹೆಚ್ಚು ಹಿಡಿಸಿದೆ. ಗಂಟು ಎಂದರೆ ಎಲ್ಲಿ ಬಿದ್ದಿದೆ ಎಂದು ನೋಡಿ ಬಿಚ್ಚಬೇಕು, ಎಳೆದರೆ ಇನ್ನೂ ಬಿಗಿಯಾಗುತ್ತದೆ. ಆಟ ನಿಧಾನವಾದಾಗ ಎಲ್ಲರೂ ಮೊದಲು ಮಾಡುವ ಕೆಲಸ ಎಳೆಯುವುದು: ‘ಬೇಗ ಆಡು’ ಎನ್ನುವುದು, ಇಲ್ಲವೇ ಟೈಮರ್ ಇಡುವುದು. ನಾವೂ ಅದನ್ನೇ ಮಾಡಿ ಕೆಟ್ಟೆವು. ಆಮೇಲೆ ಅಳೆದು ನೋಡಿದೆವು.

ಇಲ್ಲಿ ಹೇಳುವುದೆಲ್ಲ ಒಂದೇ ಆಟದ ಮೇಲೆ ನಿಂತಿದೆ: ಬ್ರಾಸ್ ಬರ್ಮಿಂಗ್‌ಹ್ಯಾಮ್, 2018ರಲ್ಲಿ ಬಂದದ್ದು. ಇಂಗ್ಲೆಂಡಿನ ಕೈಗಾರಿಕಾ ಕಾಲದಲ್ಲಿ ಗಿರಣಿ, ಗಣಿ, ಕಾಲುವೆ, ರೈಲು ಕಟ್ಟುವ ಆಟ. ಡಬ್ಬಿಯ ಮೇಲೆ 60ರಿಂದ 120 ನಿಮಿಷ ಎಂದು ಬರೆದಿದೆ. ತಮ್ಮ ಬೆಂಗಳೂರಿನಿಂದ ತಂದಿದ್ದ. ಆಷಾಢದಲ್ಲಿ ಅಕ್ಕ, ಭಾವ ಕಾರವಾರದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದಿದ್ದರು. ಹೊರಗೆ ಮಳೆ ಬಿಡುತ್ತಿರಲಿಲ್ಲ, ತೋಟಕ್ಕೆ ಮದ್ದು ಹೊಡೆಯುವ ಹಾಗಿರಲಿಲ್ಲ. ಆಟಕ್ಕೆ ಇದಕ್ಕಿಂತ ಒಳ್ಳೆಯ ಕಾಲ ನಮಗೆ ಸಿಗುವುದಿಲ್ಲ.

ಮೊದಲು ಆಟದ ಲೆಕ್ಕ

ಬೈಯುವ ಮೊದಲು, ಆಟದ ರಚನೆಯಲ್ಲೇ ಎಷ್ಟು ಕಾಯುವಿಕೆ ಇದೆ ಎಂದು ತಿಳಿದಿರಬೇಕು. ಬ್ರಾಸ್‌ನಲ್ಲಿ ಎರಡು ಭಾಗ: ಕಾಲುವೆ ಯುಗ, ರೈಲು ಯುಗ. ನಾಲ್ವರಿದ್ದರೆ ಒಂದೊಂದಕ್ಕೂ 8 ಸುತ್ತು. ಹಾಗಾಗಿ ಇಡೀ ಆಟಕ್ಕೆ 64 ಪಾಳಿ. ಪ್ರತಿ ಪಾಳಿಯಲ್ಲಿ ಎರಡು ಕೆಲಸ ಮಾಡಬಹುದು, ಕಾಲುವೆ ಯುಗದ ಮೊದಲ ಸುತ್ತಿನಲ್ಲಿ ಮಾತ್ರ ಒಂದೇ. ಪಾಳಿಗೆ ಎರಡು ನಿಮಿಷ ಹಿಡಿದರೆ 128 ನಿಮಿಷ, ಡಬ್ಬಿಯ ಮೇಲಿನ ಮಾತಿಗೆ ಹತ್ತಿರ. ಐದು ನಿಮಿಷ ಹಿಡಿದರೆ ಐದು ಗಂಟೆ ದಾಟಿತು. ಒಬ್ಬೊಬ್ಬರೂ ಮೂರೇ ನಿಮಿಷ ಹೆಚ್ಚು ತೆಗೆದುಕೊಂಡಾಗ, ಯಾರೂ ತಪ್ಪು ಮಾಡಿದ ಹಾಗೆ ಕಾಣದೆ, ಸಂಜೆ ಮುಗಿದುಹೋಗುತ್ತದೆ.

ಇನ್ನೊಂದು ಲೆಕ್ಕ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಈ ಆಟದಲ್ಲಿ ಪಾಳಿಯ ಕ್ರಮ ಪ್ರತಿ ಸುತ್ತಿಗೂ ಬದಲಾಗುತ್ತದೆ. ಆ ಸುತ್ತಿನಲ್ಲಿ ಕಡಿಮೆ ಹಣ ಖರ್ಚು ಮಾಡಿದವರು ಮುಂದಿನ ಸುತ್ತಿಗೆ ಮೊದಲು, ಹೆಚ್ಚು ಖರ್ಚು ಮಾಡಿದವರು ಕೊನೆಗೆ. ಈಗ ಮೊದಲು ಆಡಿದವರೇ ದೊಡ್ಡ ಖರ್ಚು ಮಾಡಿ ಮುಂದಿನ ಸುತ್ತಿನಲ್ಲಿ ಕೊನೆಗೆ ಹೋದರೆ, ಅವರ ಎರಡು ಪಾಳಿಗಳ ನಡುವೆ ಬೇರೆಯವರ ಆರು ಪಾಳಿ ಬರುತ್ತದೆ. ಕೊನೆಗೆ ಆಡಿದವರು ಮುಂದಿನ ಸುತ್ತಿಗೆ ಮೊದಲಾದರೆ ನಡುವೆ ಯಾರೂ ಇಲ್ಲ, ಸಾಲಾಗಿ ನಾಲ್ಕು ಕೆಲಸ.

ಇದರಿಂದ ಎರಡು ತಪ್ಪು ತೀರ್ಮಾನ ಹುಟ್ಟುತ್ತವೆ. ಆರು ಪಾಳಿ ಕಾದವರು ‘ಇವರೆಲ್ಲ ನಿಧಾನ’ ಎನ್ನುತ್ತಾರೆ. ಮೇಜಿನಲ್ಲಿ ಯಾರೂ ನಿಧಾನವಿಲ್ಲದಿದ್ದರೂ ಅವರಿಗೆ ಹಾಗೆ ಅನಿಸುತ್ತದೆ. ಸಾಲಾಗಿ ಎರಡು ಪಾಳಿ ಸಿಕ್ಕವರು ನಾಲ್ಕೂ ಕೆಲಸವನ್ನು ಒಟ್ಟಿಗೆ ಯೋಚಿಸುತ್ತಾರೆ. ನೋಡುವವರಿಗೆ ಅದು ಒಂದೇ ಪಾಳಿಯಲ್ಲಿ ಗಂಟು ಬಿದ್ದ ಹಾಗೆ ಕಾಣುತ್ತದೆ. ಸುತ್ತಿನ ಕೊನೆಯವರು ಎಂಟು ನಿಮಿಷ ತೆಗೆದುಕೊಂಡು, ಮುಂದಿನ ಸುತ್ತಿನ ಪಾಳಿಯನ್ನು ಅರ್ಧ ನಿಮಿಷದಲ್ಲಿ ಮುಗಿಸಿದರೆ ಅದು ದೋಷವಲ್ಲ. ಎರಡನ್ನೂ ಸೇರಿಸಿ ಎರಡರಿಂದ ಭಾಗಿಸಿ ನೋಡಿ.

ಅಳೆಯುವುದು

ಫೋನಿನ ಸ್ಟಾಪ್‌ವಾಚ್ ಸಾಕು. ಒಂದು ಪಾಳಿ ಮುಗಿದಾಗ ಲ್ಯಾಪ್ ಗುಂಡಿ ಒತ್ತಬೇಕು, ಅಷ್ಟೇ. ಸಮಯ ಮೇಲಕ್ಕೆ ಏರುತ್ತಿರಲಿ. ಇಳಿಯುವ ಟೈಮರ್ ಬೇಡ. ಫೋನಿನ ಪರದೆ ಯಾರಿಗೂ ಕಾಣದ ಹಾಗೆ ಮಗುಚಿಡಿ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪಾಳಿಯವರ ಹೆಸರು, ನಿಮಿಷ, ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ. ಪಾಳಿಯ ಹೆಚ್ಚಿನ ಸಮಯ ಯೋಚನೆಗೆ ಹೋಯಿತು ಅನಿಸಿದರೆ ‘ಯೋ’. ಕಾಸು, ಕಾರ್ಡು, ಟೈಲು ಎಂಬ ಗಿರಣಿ-ಗಣಿಗಳ ಬಿಲ್ಲೆ ಎತ್ತಿಡುವುದಕ್ಕೆ ಹೋಯಿತು ಅನಿಸಿದರೆ ‘ಕೈ’. ನಿಯಮದ ಅನುಮಾನಕ್ಕೆ ಹೋದರೆ ‘ಅ’. ಇದಲ್ಲದೆ ಆ ಪಾಳಿಯಲ್ಲಿ ಏನು ಮಾಡಿದರು ಎಂದು ಒಂದು ಪದ: ಮಾರಿದರು, ಕಟ್ಟಿದರು, ಸಾಲ ತೆಗೆದರು. ಈ ಕೊನೆಯ ಪದ ಬರೆಯದಿದ್ದರೆ ಮುಂದಿನ ಪತ್ತೆ ಆಗುವುದಿಲ್ಲ.

ನಮ್ಮ ಹಾಳೆಯಲ್ಲಿ ಕಾಲುವೆ ಯುಗದ 32 ಪಾಳಿಗೆ 152 ನಿಮಿಷ ಬಂತು. ಭಾವ 58, ತಮ್ಮ 36, ನಾನು 32, ಅಕ್ಕ 26. ಅಂಕಿ ನೋಡಿದ ಕೂಡಲೇ ಎಲ್ಲರೂ ಭಾವನತ್ತ ತಿರುಗಿದರು. ‘ಎಂತ ಮಾರಾಯ್ರೆ, ನಿಮ್ಮದೇ ಒಂದು ಗಂಟೆ’ ಎಂದಳು ಅಕ್ಕ. ನಾನೂ ಅದನ್ನೇ ಅಂದುಕೊಂಡಿದ್ದೆ.

ಆದರೆ ಒಟ್ಟು ಮೊತ್ತ ಯಾರನ್ನು ದೂರಬೇಕೆಂದು ಹೇಳುತ್ತದೆ, ದೋಷ ಎಲ್ಲಿದೆ ಎಂದು ಹೇಳುವುದಿಲ್ಲ. ಪಾಳಿ ಪಾಳಿಯಾಗಿ ಓದಿದಾಗ ಬೇರೆಯೇ ಕಂಡಿತು. ಭಾವನ ಎಂಟು ಪಾಳಿಗಳಲ್ಲಿ ಮೂರು ಮಾತ್ರ ಉದ್ದ: 14, 12, 11 ನಿಮಿಷ. ಉಳಿದ ಐದಕ್ಕೆ ಸೇರಿ 21 ನಿಮಿಷ, ಅಂದರೆ ಒಂದೊಂದಕ್ಕೆ ನಾಲ್ಕರ ಆಸುಪಾಸು. ನನ್ನ ಸರಾಸರಿಯೂ ಅಷ್ಟೇ. ಆ ಮೂರೂ ಉದ್ದದ ಪಾಳಿಯ ಪಕ್ಕ ಒಂದೇ ಪದ ಇತ್ತು: ‘ಮಾರಿದರು’. ಸ್ವಭಾವದಿಂದ ನಿಧಾನವಾದವರು ಎಲ್ಲ ಕೆಲಸದಲ್ಲೂ ನಿಧಾನ. ಒಂದೇ ಬಗೆಯ ಕೆಲಸದಲ್ಲಿ ನಿಧಾನವಾದರೆ ಆ ಕೆಲಸದಲ್ಲಿ ಏನೋ ಸಿಕ್ಕಿಕೊಂಡಿದೆ.

ಮೊದಲ ಗಂಟು: ಯೋಚನೆಯಂತೆ ಕಾಣುವ ಅನುಮಾನ

11 ನಿಮಿಷದ ಪಾಳಿಯ ನಡುವೆ ನಾನು ಕೇಳಿದೆ: ‘ಭಾವ, ಯೋಚನೆಯಾ, ಅನುಮಾನವಾ?’

‘ಅನುಮಾನವೇ. ಇವನ ಬಿಯರು ಅಲ್ಲಿಗೆ ಹೋಗ್ತದಾ ಇಲ್ವಾ ಅಂತ.’

ಆಗ 14 ನಿಮಿಷದ ಪಾಳಿಯೂ ನೆನಪಿಗೆ ಬಂತು. ವೂಸ್ಟರ್‌ನಲ್ಲಿ ಅವರ ಹತ್ತಿ ಗಿರಣಿ ಇತ್ತು. ಗ್ಲಾಸ್ಟರ್‌ನ ವ್ಯಾಪಾರಿಗೆ ಮಾರಬೇಕಿತ್ತು. ಅದಕ್ಕೊಂದು ಪೀಪಾಯಿ ಬಿಯರ್ ಬೇಕು. ಅವರದೇ ಬಿಯರ್ ಭಟ್ಟಿ ಹಲಗೆಯ ಇನ್ನೊಂದು ಬದಿಗೆ, ಬರ್ಟನ್‌ನಲ್ಲಿ. ಅವರ ತೋರುಬೆರಳು ಬರ್ಟನ್‌ನಿಂದ ಟ್ಯಾಮ್‌ವರ್ತ್‌ಗೆ, ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ಗೆ, ಅಲ್ಲಿಂದ ವೂಸ್ಟರ್‌ಗೆ ಹರಿಯುತ್ತಿತ್ತು. ಕಾಲುವೆ ಇಲ್ಲದ ಕಡೆ ನಿಲ್ಲುತ್ತಿತ್ತು, ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯುತ್ತಿತ್ತು. ನಾವು ಅದನ್ನು ಆಳವಾದ ಯೋಚನೆ ಎಂದುಕೊಂಡೆವು. ಅವರು ಹುಡುಕುತ್ತಿದ್ದ ದಾರಿಯ ಅಗತ್ಯವೇ ಇರಲಿಲ್ಲ. ನಮ್ಮದೇ ಭಟ್ಟಿಯ ಬಿಯರನ್ನು ಹಲಗೆಯ ಎಲ್ಲಿಂದ ಬೇಕಾದರೂ ಬಳಸಬಹುದು. ದಾರಿ ಬೇಕಾಗುವುದು ಬೇರೆಯವರ ಭಟ್ಟಿಯಿಂದ ತೆಗೆದುಕೊಳ್ಳುವಾಗ ಮಾತ್ರ.

ಬ್ರಾಸ್‌ನಲ್ಲಿ ಈ ಗಂಟು ಬೀಳುವುದಕ್ಕೆ ಕಾರಣ ಇದೆ. ಮೂರು ಸರಕು, ಮೂರಕ್ಕೂ ಸಾಗಣೆಯ ನಿಯಮ ಬೇರೆ. ಒಂದು ಕಲಿತರೆ ಇನ್ನೊಂದಕ್ಕೂ ಅದೇ ಎಂದು ಮನಸ್ಸು ಹೇಳುತ್ತದೆ. ಅಟ್ಟದ ಮೇಲಿನ ಹಾಳೆ ಎಳೆದು ನಾಲ್ಕು ಚೀಟಿ ಬರೆದು ಎಲ್ಲರ ಮುಂದೆ ಇಟ್ಟೆವು. ಚೀಟಿಯಲ್ಲಿದ್ದದ್ದು ಇಷ್ಟೇ:

ಕಲ್ಲಿದ್ದಲು: ದಾರಿ ಬೇಕು. ದಾರಿಯಿರುವ ಗಣಿಗಳಲ್ಲಿ ಹತ್ತಿರದ್ದೇ ಮೊದಲು, ಯಾರದ್ದಾದರೂ ಸರಿ. ಅಂಥ ಗಣಿ ಇಲ್ಲದಿದ್ದರೆ ಮಾರುಕಟ್ಟೆಯಿಂದ. ಅದಕ್ಕೂ ವ್ಯಾಪಾರಿ ಊರಿಗೆ ದಾರಿ ಇರಬೇಕು.

ಕಬ್ಬಿಣ: ದಾರಿ ಬೇಡ. ಹಲಗೆಯಲ್ಲಿ ಯಾರ ಕಬ್ಬಿಣವಾದರೂ ಸರಿ, ಇಲ್ಲದಿದ್ದರೆ ಮಾರುಕಟ್ಟೆಯದ್ದು.

ಬಿಯರ್: ನಮ್ಮದಾದರೆ ದಾರಿ ಬೇಡ. ಬೇರೆಯವರದ್ದಾದರೆ ದಾರಿ ಬೇಕು. ವ್ಯಾಪಾರಿಯ ಪೀಪಾಯಿ ಆ ವ್ಯಾಪಾರಿಗೆ ಮಾರುವಾಗ ಮಾತ್ರ.

ಆಟದ ಡಬ್ಬಿಯಲ್ಲೂ ಸಹಾಯದ ಹಾಳೆ ಇರುತ್ತದೆ, ಅದರಲ್ಲಿ ಎಲ್ಲ ನಿಯಮವೂ ಇರುತ್ತದೆ, ಹಾಗಾಗಿಯೇ ಬೇಕಾದ್ದು ಬೇಕಾದಾಗ ಕಣ್ಣಿಗೆ ಸಿಗುವುದಿಲ್ಲ. ನಿಮ್ಮ ಮೇಜಿನಲ್ಲಿ ಎಲ್ಲಿ ಸಿಕ್ಕಿಬೀಳುತ್ತಾರೋ ಅಷ್ಟನ್ನೇ ಬರೆಯಿರಿ.

ಅನುಮಾನ ಮತ್ತು ಯೋಚನೆಯನ್ನು ಹೊರಗಿನಿಂದ ಬೇರ್ಪಡಿಸಲು ನನಗೆ ಗೊತ್ತಿರುವ ಗುರುತು ಕೈ. ಯೋಚಿಸುವವರ ಕಣ್ಣು ಕಾರ್ಡು, ಹಣ, ಹಲಗೆಗಳ ನಡುವೆ ಓಡಾಡುತ್ತದೆ. ಅನುಮಾನದಲ್ಲಿರುವವರ ಬೆರಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಓಡುತ್ತದೆ. ಆದರೂ ಕೇಳುವುದೇ ಒಳ್ಳೆಯದು. ‘ಇನ್ನೂ ಎಷ್ಟು ಹೊತ್ತು’ ಎಂದು ಕೇಳಿದರೆ ಅನುಮಾನ ಇರುವವರು ಅದನ್ನು ಹೇಳಲು ಹಿಂಜರಿಯುತ್ತಾರೆ. ‘ಯೋಚನೆಯಾ, ಅನುಮಾನವಾ’ ಎಂದು ಕೇಳಿದರೆ ಉತ್ತರ ಸಲೀಸಾಗಿ ಬರುತ್ತದೆ.

ಎರಡನೇ ಗಂಟು: ಪಾಳಿ ಬರುವಷ್ಟರಲ್ಲಿ ಮುರಿದ ಪ್ಲಾನು

12 ನಿಮಿಷದ ಪಾಳಿ ಬೇರೆ ಜಾತಿಯದ್ದು. ಭಾವ ಗ್ಲಾಸ್ಟರ್‌ನ ವ್ಯಾಪಾರಿಯ ಪೀಪಾಯಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದರು. ಅವರಿಗಿಂತ ಒಂದು ಪಾಳಿ ಮುಂಚೆ ಅಕ್ಕ ಅದನ್ನೇ ಎತ್ತಿಕೊಂಡಳು. ಕಾದಿದ್ದಷ್ಟೂ ಹೊತ್ತು ಮಾಡಿದ ಯೋಚನೆ ವ್ಯರ್ಥ, ಮತ್ತೆ ಮೊದಲಿನಿಂದ.

ಇದನ್ನು ಹಾಳೆಯಿಂದ ಹೀಗೆ ಪತ್ತೆ ಮಾಡಬಹುದು: ಉದ್ದದ ಪಾಳಿಯ ಹಿಂದಿನ ಸಾಲನ್ನು ಓದಿ. ಹಿಂದಿನವರು ಬಿಯರ್, ಕಲ್ಲಿದ್ದಲು, ಇಲ್ಲವೇ ಅದೇ ಪ್ರದೇಶದ ಜಾಗ ತೆಗೆದುಕೊಂಡಿದ್ದರೆ ಕಾರಣ ಸಿಕ್ಕಿತು. ಹಿಂದಿನವರು ಬರೀ ಸಾಲ ತೆಗೆದಿದ್ದರೂ ಪಾಳಿ ಉದ್ದವಾಗಿದ್ದರೆ ಇದು ಆ ಗಂಟಲ್ಲ.

ಪರಿಹಾರವೆಂದು ‘ಬೇರೆಯವರ ಪಾಳಿಯಲ್ಲಿ ಯೋಚಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಈ ಗಂಟಿಗೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ. ಭಾವ ಯೋಚಿಸಿಯೇ ಇದ್ದರು. ಉಪಯೋಗಕ್ಕೆ ಬಂದದ್ದು ಎರಡು ಅಭ್ಯಾಸ.

ಒಂದು, ಪ್ಲಾನಿನ ಕೊಂಡಿ ಯಾವುದು ಎಂದು ಗುರುತಿಸುವುದು. ಯಾವುದೇ ಪ್ಲಾನ್ ಹೆಚ್ಚಾಗಿ ಒಂದೇ ವಸ್ತುವಿನ ಮೇಲೆ ನಿಂತಿರುತ್ತದೆ: ಆ ಪೀಪಾಯಿ, ಆ ಖಾಲಿ ಜಾಗ, ಆ ಕಲ್ಲಿದ್ದಲು. ಕಾಯುವಾಗ ಅದೊಂದನ್ನೇ ನೋಡುತ್ತಿರಿ. ಪಾಳಿ ಬಂದಾಗ ಅದು ಇದ್ದರೆ ಕೂಡಲೇ ಆಡಿ, ಮತ್ತೆ ಲೆಕ್ಕ ಹಾಕಬೇಡಿ. ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಕಡೆ ತಾಳಮದ್ದಲೆಯಲ್ಲಿ ಒಬ್ಬ ಅರ್ಥಧಾರಿ ಎಷ್ಟು ಹೊತ್ತು ಮಾತಾಡಿದರೂ ಎದುರು ಪಾತ್ರದವರಿಗೆ ಬೇಸರ ಬರುವುದಿಲ್ಲ, ಯಾಕೆಂದರೆ ತಮ್ಮ ಉತ್ತರ ಆ ಮಾತಿನಿಂದಲೇ ಹುಟ್ಟಬೇಕು ಎಂದು ಕಿವಿ ಅಲ್ಲೇ ಇರುತ್ತದೆ. ಬೇರೆಯವರ ಪಾಳಿಯಲ್ಲಿ ನಮಗೆ ಸಂಬಂಧಪಟ್ಟದ್ದು ಒಂದಾದರೂ ಇದ್ದರೆ ಕಾಯುವುದು ಹಗುರ, ಫೋನು ಜೇಬಿನಲ್ಲೇ ಉಳಿಯುತ್ತದೆ.

ಎರಡು, ಯಾರೂ ಮುರಿಯಲಾಗದ ಒಂದು ಕೆಲಸ ಕೈಯಲ್ಲಿಟ್ಟುಕೊಳ್ಳುವುದು. ಬ್ರಾಸ್‌ನಲ್ಲಿ ಅಂಥವು ಎರಡು ಮೂರಿವೆ. ಸಾಲ: ಒಂದು ಕಾರ್ಡು ಹಾಕಿ 30 ಪೌಂಡ್ ತೆಗೆದುಕೊಳ್ಳುವುದು, ಆದಾಯ ಮೂರು ಮಟ್ಟ ಇಳಿಯುತ್ತದೆ. ಡೆವಲಪ್: ಕಬ್ಬಿಣ ಕೊಟ್ಟು ನಮ್ಮದೇ ಕೆಳದರ್ಜೆಯ ಟೈಲುಗಳನ್ನು ತೆಗೆಯುವುದು. ಕಬ್ಬಿಣಕ್ಕೆ ದಾರಿ ಬೇಡ, ಮಾರುಕಟ್ಟೆ ಖಾಲಿಯಾದರೂ 6 ಪೌಂಡಿಗೆ ಒಂದು ಸಿಕ್ಕೇ ಸಿಗುತ್ತದೆ. ಬೇರೆಯವರು ನಮ್ಮ ಖರ್ಚು ಹೆಚ್ಚಿಸಬಲ್ಲರೇ ಹೊರತು, ಕೈಯಲ್ಲಿ ಅಷ್ಟು ಹಣವಿದ್ದರೆ ತಡೆಯಲಾರರು. ಸ್ಕೌಟ್: ಮೂರು ಕಾರ್ಡು ಕೊಟ್ಟು, ಬೇಕಾದ ಕಾರ್ಡಿನ ಬದಲು ಸಲ್ಲುವ ಎರಡು ವೈಲ್ಡ್ ಕಾರ್ಡು ಪಡೆಯುವುದು. ಕೊಂಡಿ ಮುರಿದರೆ ಇವುಗಳಲ್ಲಿ ಮೊದಲೇ ಆರಿಸಿಟ್ಟದ್ದನ್ನು ಮೊದಲ ಕೆಲಸವಾಗಿ ಆಡಿಬಿಡಿ, ಎರಡನೆಯದಕ್ಕೆ ಮಾತ್ರ ಯೋಚಿಸಿ. ಎರಡು ಕೆಲಸಗಳ ಜೋಡಿಯನ್ನು ಹುಡುಕುವುದಕ್ಕಿಂತ ಒಂದನ್ನು ಹುಡುಕುವುದು ಎಷ್ಟೋ ಸುಲಭ. ಹೀಗೆ ಆಡಿದ ಪಾಳಿ ಅತ್ಯುತ್ತಮ ಪಾಳಿಯಾಗದೆ ಇರಬಹುದು. ಆದರೆ ಹೊಸದಾಗಿ ಹನ್ನೆರಡು ನಿಮಿಷ ಹುಡುಕಿ ಆಡಿದ್ದೂ, ನಾನು ನೋಡಿದ ಮಟ್ಟಿಗೆ, ಇದಕ್ಕಿಂತ ಬಹಳ ಮೇಲಾಗಿರಲಿಲ್ಲ.

ಕೈಕೆಲಸದ ಸಮಯ

ನನ್ನ 32 ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಳಿಗೆ ‘ಕೈ’ ಎಂದೇ ಬರೆದಿತ್ತು. ಬ್ಯಾಂಕಿನ ಹಣ ನನ್ನ ಹತ್ತಿರ ಇತ್ತು, ಎಲ್ಲರಿಗೂ ಚಿಲ್ಲರೆ ನಾನೇ ಕೊಡುತ್ತಿದ್ದೆ. ಹಣವನ್ನು ಎರಡು ಬಟ್ಟಲಿಗೆ ಹಾಕಿ ಮೇಜಿನ ಎರಡು ತುದಿಗೆ ಇಟ್ಟ ಮೇಲೆ ಅದು ಮುಗಿಯಿತು. ಕಾರ್ಡು ಎಳೆಯುವುದಕ್ಕೂ ಮುಂದಿನವರು ಕಾಯಬೇಕಿಲ್ಲ. ಕೆಲಸ ಎರಡೂ ಹೇಳಿ ಮುಗಿಸಿದ ಕೂಡಲೇ ಮುಂದಿನವರು ಶುರು ಮಾಡಬಹುದು.

ಒಂದು ಎಚ್ಚರಿಕೆ. ಖರ್ಚು ಮಾಡಿದ ಹಣವನ್ನು ಸುತ್ತು ಮುಗಿಯುವವರೆಗೆ ನಮ್ಮ ಪಾತ್ರದ ಟೈಲಿನ ಮೇಲೆ ಇಡಬೇಕು, ನೇರವಾಗಿ ಬ್ಯಾಂಕಿಗೆ ಹಾಕಬಾರದು. ಅವಸರದಲ್ಲಿ ಬ್ಯಾಂಕಿಗೆ ಹಾಕಿದರೆ ಯಾರು ಎಷ್ಟು ಖರ್ಚು ಮಾಡಿದರು ಎಂದು ಸುತ್ತಿನ ಕೊನೆಗೆ ನೆನಪಿಸಿಕೊಳ್ಳಬೇಕಾಗುತ್ತದೆ. ಉಳಿಸಿದ ಸಮಯವೆಲ್ಲ ಆ ಚರ್ಚೆಗೆ ಹೋಗುತ್ತದೆ.

ಟೈಮರ್ ಯಾಕೆ ಕೆಲಸ ಮಾಡಲಿಲ್ಲ

ಇದಕ್ಕೂ ಮೊದಲಿನ ಆಟದಲ್ಲಿ ಪಾಳಿಗೆ ಮೂರು ನಿಮಿಷ ಎಂದು ಟೈಮರ್ ಇಟ್ಟಿದ್ದೆವು. ಅನುಮಾನದಲ್ಲಿದ್ದವರು ಅನುಮಾನದಲ್ಲೇ ಆಡಿದರು. ಒಮ್ಮೆ ಭಾವ ದಾರಿಯಿಲ್ಲದ ಭಟ್ಟಿಯಿಂದ ತಮ್ಮನ ಬಿಯರ್ ತೆಗೆದು ಮಾರಿದರು. ಅದು ತಪ್ಪು ಎಂದು ಗೊತ್ತಾಗುವಷ್ಟರಲ್ಲಿ ಇಬ್ಬರು ಆಡಿಯಾಗಿತ್ತು. ಆ ಭಟ್ಟಿ ಖಾಲಿಯಾಗಿ ಮಗುಚಿದ್ದರಿಂದ ತಮ್ಮನ ಆದಾಯವೂ ಏರಿತ್ತು. ಎಲ್ಲವನ್ನೂ ಹಿಂದಕ್ಕೆ ತೆಗೆಯಲು, ಯಾವ ಕಲ್ಲಿದ್ದಲು ಎಲ್ಲಿತ್ತು ಎಂದು ನೆನಪಿಸಿಕೊಳ್ಳಲು, ಕಾಲು ಗಂಟೆಗಿಂತ ಹೆಚ್ಚು ಹಿಡಿಯಿತು.

ಟೈಮರ್ ಹಿಡಿಸುವ ಒಂದೇ ಸಂದರ್ಭ ಇದೆ: ನಿಯಮ ಎಲ್ಲರಿಗೂ ಬಾಯಿಪಾಠವಾಗಿದ್ದು, ಎಲ್ಲ ಬಗೆಯ ಕೆಲಸದಲ್ಲೂ ಒಬ್ಬರದ್ದೇ ಪಾಳಿ ಉದ್ದವಾಗುತ್ತಿರುವಾಗ. ಅದು ನಿಜಕ್ಕೂ ‘ಇನ್ನೂ ಒಳ್ಳೆಯದು ಇದ್ದೀತು’ ಎಂಬ ಹೆದರಿಕೆ. ಇದನ್ನು ಖಚಿತ ಮಾಡಿಕೊಳ್ಳಲು ಬ್ರಾಸ್‌ನಲ್ಲೇ ಒಂದು ಪರೀಕ್ಷೆ ಇದೆ. ಪ್ರತಿ ಯುಗದಲ್ಲಿ ನಾಲ್ಕು ಸುತ್ತು ಆದ ಮೇಲೆ ಎಳೆಯಲು ಕಾರ್ಡು ಉಳಿಯುವುದಿಲ್ಲ. ಕೊನೆಯ ನಾಲ್ಕು ಸುತ್ತು ಶುರುವಾಗುವಾಗ ಕೈಯಲ್ಲಿ 8, 6, 4, 2 ಕಾರ್ಡು. ಕಟ್ಟುವ ಆಯ್ಕೆ ಕಾರ್ಡಿನ ಮೇಲೆ ನಿಂತಿರುವುದರಿಂದ ಅದು ಸುತ್ತಿನಿಂದ ಸುತ್ತಿಗೆ ಕಿರಿದಾಗುತ್ತದೆ. ಏಳನೇ ಸುತ್ತಿನಲ್ಲಿ ಒಬ್ಬರ ಪಾಳಿ ನಾಲ್ಕನೆಯ ಸುತ್ತಿಗಿಂತ ಚಿಕ್ಕದಾದರೆ, ಅವರ ತೊಂದರೆ ಆಯ್ಕೆಗಳ ರಾಶಿ. ಕೈ ತುಂಬ ಕಾರ್ಡಿರುವಾಗ ‘ಈ ಪಾಳಿಗೆ ಈ ಮೂರು ಕಾರ್ಡು ಮಾತ್ರ’ ಎಂದು ಬದಿಗೆ ತೆಗೆದಿಟ್ಟುಕೊಂಡರೆ ಸಾಕು. ನಾಲ್ಕು ಕಾರ್ಡಿದ್ದರೂ ಅಷ್ಟೇ ಉದ್ದವಾದರೆ ಅದು ಹೆದರಿಕೆ. ಎಂಟನೆಯ ಸುತ್ತನ್ನು ಈ ಪರೀಕ್ಷೆಗೆ ಹಿಡಿಯಬೇಡಿ. ಕಾಲುವೆ ಯುಗ ಮುಗಿದಾಗ ಒಂದನೇ ದರ್ಜೆಯ ಟೈಲುಗಳೆಲ್ಲ ಹಲಗೆಯಿಂದ ಹೋಗುತ್ತವೆ, ರೈಲು ಯುಗ ಮುಗಿದಾಗ ಆಟವೇ ಮುಗಿಯುತ್ತದೆ. ಅಲ್ಲಿ ಲೆಕ್ಕ ಹಾಕುವುದು ನ್ಯಾಯ. ಆ ಸುತ್ತಿಗೆ ಮೊದಲು ನಾವು ಕಷಾಯ ಮಾಡಿ ಕುಡಿಯುತ್ತೇವೆ. ಯೋಚಿಸುವವರು ಕುಡಿಯುತ್ತಾ ಯೋಚಿಸುತ್ತಾರೆ.

ಸರಿಪಡಿಸಿದ ಮೇಲೆ

ಮೂರು ವಾರದ ನಂತರ ಅದೇ ನಾಲ್ವರು. ಕಾಲುವೆ ಯುಗದ 32 ಪಾಳಿಗೆ 104 ನಿಮಿಷ: ಭಾವ 29, ತಮ್ಮ 28, ಅಕ್ಕ 24, ನಾನು 23. ಒಟ್ಟು ಉಳಿದ 48 ನಿಮಿಷದಲ್ಲಿ 29 ಭಾವನದ್ದೇ. ಅವರ ಅತಿ ಉದ್ದದ ಪಾಳಿ ಆರು ನಿಮಿಷ, ಅದೂ ಎಂಟನೇ ಸುತ್ತಿನದ್ದು. ಇದರಲ್ಲಿ ಸ್ವಲ್ಪ ಪಾಲು ಇನ್ನೊಮ್ಮೆ ಆಡಿದ ರೂಢಿಯಿಂದಲೂ ಬಂದಿರಬೇಕು. ಮಾರುವ ಪಾಳಿಗಳು ಮಾತ್ರ ಕಟ್ಟುವ ಪಾಳಿಗಳಷ್ಟೇ ಆದದ್ದು ಚೀಟಿಯಿಂದ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಭಾವನ ಬೆರಳು ಹಲಗೆಯ ಮೇಲೆ ಓಡಲಿಲ್ಲ.

ಇನ್ನೂ ಉಳಿದದ್ದು ಆರು ಪಾಳಿಯ ಕಾಯುವಿಕೆ. ಪಾಳಿಗೆ ಮೂರೂಕಾಲು ನಿಮಿಷವಾದರೂ ಆರಕ್ಕೆ ಹತ್ತೊಂಬತ್ತೂವರೆ ನಿಮಿಷ ಆಗಿಯೇ ಆಗುತ್ತದೆ, ಯಾವ ಚೀಟಿಯೂ ಇದನ್ನು ಇಳಿಸುವುದಿಲ್ಲ. ಮೂವರೇ ಆಡಿದರೆ ಯುಗಕ್ಕೆ 9 ಸುತ್ತು, ಒಟ್ಟು 54 ಪಾಳಿ, ಅತಿ ಹೆಚ್ಚು ಕಾಯುವಿಕೆ ನಾಲ್ಕು ಪಾಳಿ. ಹಾಗಾಗಿ ಭಾವ ರಾತ್ರಿ ಬಸ್ಸಿಗೆ ಕಾರವಾರಕ್ಕೆ ಹೊರಡುವ ದಿನ ಮೂವರೇ ಆಡಲು ಕೂರುತ್ತೇವೆ, ನಾಲ್ಕನೆಯವರು ಬ್ಯಾಂಕು ನೋಡಿಕೊಳ್ಳುತ್ತಾರೆ. ಕಳೆದ ಸಲ ಬ್ಯಾಂಕು ಅಕ್ಕನದ್ದಾಗಿತ್ತು.